ಪುಣೆಯಿಂದ ಧಾರವಾಡಕ್ಕೆ ರಾತ್ರಿ ಬಸ್: ಇಳಿಯುವ ಹೊತ್ತಿನಿಂದ ಶುರು ಮಾಡಿ

ಒಂದು ದೀಪಾವಳಿಗೆ ಅವ್ವನನ್ನು ಕರೆದುಕೊಂಡು ಪುಣೆಯಿಂದ ಧಾರವಾಡಕ್ಕೆ ಹೊರಟಿದ್ದೆ. ಟಿಕೆಟ್‌ನಲ್ಲಿ ಇಳಿಯುವ ಜಾಗ "ಧಾರವಾಡ" ಎಂದಷ್ಟೇ ಇತ್ತು. ನಸುಕಿನ ನಾಲ್ಕು ಗಂಟೆಗೆ ಕ್ಲೀನರ್ ಪರದೆ ಸರಿಸಿ ಎಬ್ಬಿಸಿದ. ಇಳಿದು ನೋಡಿದರೆ ಊರಲ್ಲ, ಬೈಪಾಸ್. ಒಂದು ಕಡೆ ಹೊಲ, ಇನ್ನೊಂದು ಕಡೆ ಮೈಮೇಲೆ ಬಂದಂತೆ ಓಡುವ ಲಾರಿಗಳು. ಅವ್ವ ಮೊಣಕಾಲು ಒತ್ತಿಕೊಳ್ಳುತ್ತ ಚೀಲದ ಮೇಲೆ ಕೂತಳು. "ಇಲ್ಲಿ ಒಂದ ಲೈಟ್ ಸುದ್ದಾ ಇಲ್ಲಲ್ಲೋ" ಅಂದಳು. ಆಟೋ ಸಿಗಲು ಐವತ್ತು ನಿಮಿಷ ಬೇಕಾಯಿತು. ಬಸ್ ಚೆನ್ನಾಗಿತ್ತು, ಏಸಿ ಚೆನ್ನಾಗಿತ್ತು, ಹೊದಿಕೆ ಕೂಡ ಶುಭ್ರವಾಗಿತ್ತು. ನಾನು ನೋಡದೇ ಇದ್ದದ್ದು ಎರಡೇ: ಎಷ್ಟು ಹೊತ್ತಿಗೆ ಇಳಿಸುತ್ತಾರೆ, ಎಲ್ಲಿ ಇಳಿಸುತ್ತಾರೆ.

ಅಂದಿನಿಂದ ನಾನು ಟಿಕೆಟನ್ನು ಹಿಂದಿನಿಂದ ಮುಂದಕ್ಕೆ ನೋಡುತ್ತೇನೆ. ಮೊದಲು ಇಳಿಯುವ ಹೊತ್ತು, ಆಮೇಲೆ ಹತ್ತುವ ಜಾಗ, ಆಮೇಲೆ ಬಸ್ಸಿನವರು, ಕೊನೆಗೆ ಸೀಟು. ಪುಣೆಯಲ್ಲಿರುವ ನಮ್ಮ ಕಡೆಯ ಜನ ಜಾಸ್ತಿ ಹೋಗುವುದು ಬೆಳಗಾವಿ, ಧಾರವಾಡ, ಹುಬ್ಬಳ್ಳಿಗೆ. ಹಾಗಾಗಿ ಅದೇ ದಾರಿಯನ್ನು ಹಿಡಿದು ಹೇಳುತ್ತೇನೆ. ಹೋದ ಸಲ ಅವ್ವ ಒಬ್ಬಳೇ ಹೋದಾಗ ನಾನು ಹೇಗೆ ಆರಿಸಿದೆ ಎನ್ನುವುದೇ ಇಲ್ಲಿನ ಉದಾಹರಣೆ.

ಮೊದಲ ಹೆಜ್ಜೆ: ಎಷ್ಟು ಹೊತ್ತಿಗೆ, ಎಲ್ಲಿ ಇಳಿಯಬೇಕು

ಬೆಳಗ್ಗೆ ಆರರಿಂದ ಏಳೂವರೆ ಒಳಗೆ ಇಳಿಯುವಂತಿರಬೇಕು. ಆಗ ಬೆಳಕಾಗಿರುತ್ತದೆ, ಚಹಾದಂಗಡಿ ತೆರೆದಿರುತ್ತದೆ, ಸಿಟಿ ಬಸ್ ಶುರುವಾಗಿರುತ್ತದೆ, ಆಟೋದವರು ಕೇಳಿದಷ್ಟು ಕೊಡಬೇಕೆಂದು ಹಟ ಹಿಡಿಯುವುದಿಲ್ಲ. ರಾತ್ರಿ ಎಂಟಕ್ಕೆ ಹೊರಡುವ ಬಸ್ ಹತ್ತಲು ಹಿತ, ಆದರೆ ಮೂರೂವರೆಗೆ ತಂದು ಇಳಿಸುತ್ತದೆ. ಹತ್ತುವಾಗ ಸಿಕ್ಕ ಅನುಕೂಲ ಇಳಿಯುವಾಗ ಕಳೆದುಹೋಗುತ್ತದೆ.

ಜಾಗದ ವಿಷಯದಲ್ಲಿ ಒಂದು ಗುಟ್ಟಿದೆ. ಬೆಳಗಾವಿ ಕಡೆಯಿಂದ ಬರುವಾಗ ಧಾರವಾಡಕ್ಕೆ ಸ್ವಲ್ಪ ಮೊದಲು ನರೇಂದ್ರದ ಹತ್ತಿರ ದಾರಿ ಕವಲಾಗುತ್ತದೆ. ಒಂದು ಊರೊಳಗೆ ಬರುತ್ತದೆ, ಇನ್ನೊಂದು ಬೈಪಾಸ್ ಆಗಿ ಹುಬ್ಬಳ್ಳಿಯ ಗಬ್ಬೂರಿನ ತನಕ ಹೋಗುತ್ತದೆ. ಬೆಂಗಳೂರಿಗೆ ಹೋಗುವ ಬಸ್ಸಿಗೆ ಊರೊಳಗೆ ಬರುವುದು ನಷ್ಟ, ಅದು ಬೈಪಾಸ್ ಹಿಡಿಯಲು ನೋಡುತ್ತದೆ. ಹುಬ್ಬಳ್ಳಿಯೇ ಕೊನೆಯ ನಿಲ್ದಾಣವಾಗಿರುವ ಬಸ್ ಸಾಮಾನ್ಯವಾಗಿ ಧಾರವಾಡದೊಳಗೆ ಬಂದೇ ಹೋಗುತ್ತದೆ. ಹಾಗಾಗಿ ನಿಮ್ಮ ಊರಲ್ಲಿ ಅಥವಾ ಅದರ ಪಕ್ಕದ ಊರಲ್ಲಿ ಕೊನೆಯಾಗುವ ಬಸ್ಸನ್ನೇ ಆರಿಸಿ. ಬೆಳಗಾವಿ, ನಿಪ್ಪಾಣಿಯವರಿಗೂ ಇದೇ ಮಾತು.

ಈ ಬೈಪಾಸ್ ಬಗ್ಗೆ ನನಗೆ ಇನ್ನೊಂದು ಭಯವೂ ಇದೆ. 2021ರ ಜನವರಿ 15ರಂದು ಇದೇ ದಾರಿಯ ಇಟಿಗಟ್ಟಿ ಹತ್ತಿರ, ದಾವಣಗೆರೆಯಿಂದ ಗೋವಾಕ್ಕೆ ಹೊರಟಿದ್ದ ಟೆಂಪೋ ಟ್ರಾವೆಲರ್‌ಗೆ ಟಿಪ್ಪರ್ ಡಿಕ್ಕಿಯಾಗಿ 11 ಜನ ಹೋದರು. ನಡುವೆ ಡಿವೈಡರ್ ಇಲ್ಲದ ಕಿರಿದಾದ ರಸ್ತೆಯಾಗಿತ್ತು ಅದು. ಅಂಥ ದಾರಿಯ ಅಂಚಿನಲ್ಲಿ ಕತ್ತಲಲ್ಲಿ ವಯಸ್ಸಾದವರನ್ನು ನಿಲ್ಲಿಸಬಾರದು.

ಎರಡನೇ ಹೆಜ್ಜೆ: ಸಮಯದ ಲೆಕ್ಕ ಹಾಕಿ

ಟಿಕೆಟ್ ಆಪ್‌ನಲ್ಲಿ ಹೊರಡುವ ಹೊತ್ತು, ತಲುಪುವ ಹೊತ್ತು ಎರಡೂ ಇರುತ್ತವೆ. ಬಸ್ಸಿನವರು ಡ್ರೈವರ್‌ನಿಂದ ಎಷ್ಟು ವೇಗ ನಿರೀಕ್ಷಿಸುತ್ತಾರೆ ಎನ್ನುವುದು ಆ ಎರಡರ ನಡುವೆಯೇ ಅಡಗಿರುತ್ತದೆ. ಪುಣೆಯಿಂದ ಧಾರವಾಡಕ್ಕೆ ಸುಮಾರು 420 ಕಿ.ಮೀ.

ಅವ್ವನಿಗಾಗಿ ನೋಡಿದಾಗ ನನ್ನ ಮುಂದೆ ಮೂರು ಬಸ್ ಇದ್ದವು. ಮೊದಲನೆಯದು ರಾತ್ರಿ 8ಕ್ಕೆ ಸ್ವಾರಗೇಟ್ ಬಿಟ್ಟು 3.30ಕ್ಕೆ ತಲುಪುವುದು. ಏಳೂವರೆ ಗಂಟೆ, ಅಂದರೆ ಗಂಟೆಗೆ 56 ಕಿ.ಮೀ. ವೇಗ ಸರಿ, ತಲುಪುವ ಹೊತ್ತು ಸರಿಯಿಲ್ಲ. ಎರಡನೆಯದು ಮುಂಬೈಯಿಂದ ಬರುವ ಬಸ್, 11.15ಕ್ಕೆ ವಾಕಡ್, 5ಕ್ಕೆ ಧಾರವಾಡ. ಐದೂಮುಕ್ಕಾಲು ಗಂಟೆ. ಊಟದ ಅರ್ಧ ಗಂಟೆ ಕಳೆದರೆ ಓಡುವುದು ಐದೂಕಾಲು ಗಂಟೆ ಮಾತ್ರ. ಅಂದರೆ ಗಂಟೆಗೆ ಸರಾಸರಿ 80 ಕಿ.ಮೀ. ವೇಗ ಮಿತಿ ಮೀರದಂತೆ ತಡೆಯಲು ಬಸ್ಸಿಗೆ ಹಾಕಿರುವ ಸ್ಪೀಡ್ ಗವರ್ನರ್‌ನ ಮಿತಿಯೇ ಸಾಮಾನ್ಯವಾಗಿ 80. ಖಂಬಾಟ್ಕಿ ಘಾಟು, ಟೋಲ್ ನಾಕಾ, ಸಾತಾರಾದಿಂದ ಕಾಗಲ್ ತನಕ ರಸ್ತೆ ಅಗಲೀಕರಣದ ತಿರುವುಗಳು, ಇವೆಲ್ಲ ಸೇರಿ ಸರಾಸರಿಯೇ 80 ಬರಬೇಕೆಂದರೆ ನಡುನಡುವೆ ಎಷ್ಟು ಓಡಿಸಬೇಕು, ನೀವೇ ಯೋಚಿಸಿ. ಮೂರನೆಯದು 10.30ಕ್ಕೆ ಸ್ವಾರಗೇಟ್, 6.30ಕ್ಕೆ ಧಾರವಾಡ. ಎಂಟು ಗಂಟೆ, ಗಂಟೆಗೆ 52 ಕಿ.ಮೀ.

ನನ್ನ ಅಳತೆ ಇಷ್ಟು: ನಿಲುಗಡೆ ಎಲ್ಲ ಸೇರಿಸಿ ಗಂಟೆಗೆ 50ರಿಂದ 58 ಬಂದರೆ ಸರಿ. 65 ದಾಟಿದರೆ ಆ ಬಸ್ ಬೇಡ. "ಬೇಗ ತಲುಪಿಸುತ್ತಾರೆ" ಎನ್ನುವುದು ರಾತ್ರಿ ಬಸ್ಸಿಗೆ ಹೊಗಳಿಕೆ ಅಲ್ಲ. ಟಿಕೆಟ್‌ನಲ್ಲಿ ಸರಿಯಾದ ಹೊತ್ತೇ ಇದ್ದು, ಪ್ರಯಾಣಿಕರು ಮಾತ್ರ "ಒಂದೂವರೆ ಗಂಟೆ ಮೊದಲೇ ಬಂತು" ಎಂದು ಬರೆದಿದ್ದರೆ ಅದನ್ನೂ ಇದೇ ಲೆಕ್ಕಕ್ಕೆ ಹಾಕಿ.

ಮೂರನೇ ಹೆಜ್ಜೆ: ಬಸ್ ಎಲ್ಲಿಂದ ಹೊರಡುತ್ತದೆ, ನೀವು ಎಲ್ಲಿ ಹತ್ತುತ್ತೀರಿ

ಪುಣೆಯಿಂದಲೇ ಹೊರಡುವ ಬಸ್ ಬೇರೆ, ಮುಂಬೈಯ ಬೋರಿವಲಿಯಿಂದ ಬಂದು ಪುಣೆಯನ್ನು ಸವರಿಕೊಂಡು ಹೋಗುವ ಬಸ್ ಬೇರೆ. ಮುಂಬೈಯ ಬಸ್ ಸಾಯನ್, ವಾಶಿ, ಕಳಂಬೋಲಿ ಎಂದು ಜನರನ್ನು ಹತ್ತಿಸಿಕೊಳ್ಳುತ್ತ, ಖಂಡಾಳಾ ಘಾಟಿನ ಜಾಮ್ ದಾಟಿ ಬರಬೇಕು. ಶುಕ್ರವಾರ ರಾತ್ರಿ ಒಂದು, ಎರಡು ಗಂಟೆ ತಡವಾಗುವುದು ಸಾಮಾನ್ಯ. ಆ ಎರಡು ಗಂಟೆ ನೀವು ಹೆದ್ದಾರಿಯ ಸೇತುವೆ ಕೆಳಗೆ ನಿಂತಿರುತ್ತೀರಿ. ಅದಕ್ಕಿಂತ ದೊಡ್ಡ ವಿಷಯ, ಬಸ್ ವಾಕಡ್‌ಗೆ ಬರುವಷ್ಟರಲ್ಲಿ ಡ್ರೈವರ್ ಆಗಲೇ ಐದು ಗಂಟೆ ಸ್ಟೇರಿಂಗ್ ಹಿಡಿದಿರಬಹುದು. ನಿದ್ದೆ ಒತ್ತಿಕೊಂಡು ಬರುವ ಎರಡರಿಂದ ಐದರ ಹೊತ್ತಿಗೆ ಅವರು ಕೊಲ್ಲಾಪುರ, ಬೆಳಗಾವಿ ನಡುವೆ ಇರುತ್ತಾರೆ. ತಡವಾದದ್ದನ್ನು ಸರಿಮಾಡಿಕೊಳ್ಳುವ ಆತುರವೂ ಜೊತೆಗಿರುತ್ತದೆ.

ಹಾಗೆಂದು ಮುಂಬೈಯಲ್ಲಿರುವವರು ಏನು ಮಾಡಬೇಕು? ಅವರಿಗೆ ಸೂತ್ರ ಅದೇ: ಬಸ್ಸಿನ ಮೊದಲ ಒಂದೆರಡು ನಿಲ್ದಾಣಗಳಲ್ಲಿ ಹತ್ತಿ, ಇಬ್ಬರು ಡ್ರೈವರ್ ಇರುವುದನ್ನು ಖಚಿತ ಮಾಡಿಕೊಳ್ಳಿ.

ಪುಣೆಯಲ್ಲಿ ಹತ್ತುವ ಜಾಗ ಎಂದು ಆಪ್‌ನಲ್ಲಿ ಹಲವು ಹೆಸರು ಕಾಣುತ್ತವೆ: ನಿಗಡಿ, ವಾಕಡ್, ಚಾಂದನಿ ಚೌಕ, ವಾರಜೆ, ನವಲೆ ಸೇತುವೆ, ಸ್ವಾರಗೇಟ್, ಕಾತ್ರಜ್. ಮನೆಗೆ ಹತ್ತಿರ ಯಾವುದು ಎಂದು ನೋಡಬೇಡಿ. ಜನ ಇರುವ, ದೀಪ ಇರುವ, ಕೂರಲು ಜಾಗ ಇರುವ, ಬಸ್ ಹೆದ್ದಾರಿಯಿಂದ ಪಕ್ಕಕ್ಕೆ ಬಂದು ನಿಲ್ಲುವ ಜಾಗ ಯಾವುದು ಎಂದು ನೋಡಿ. ಟ್ರಾವೆಲ್ಸ್ ಆಫೀಸಿನ ಮುಂದೆಯೇ ಹತ್ತುವಂತಿದ್ದರೆ ಅದೇ ಒಳ್ಳೆಯದು. ನವಲೆ ಸೇತುವೆಯನ್ನು ನಾನು ಯಾರಿಗೂ ಹೇಳುವುದಿಲ್ಲ. ಕಾತ್ರಜ್ ಹೊಸ ಸುರಂಗದ ಕಡೆಯಿಂದ ಅಲ್ಲಿಗೆ ಉದ್ದನೆಯ ಇಳಿಜಾರು ಇದೆ. 2022ರ ನವೆಂಬರ್‌ನಲ್ಲಿ ಅಲ್ಲಿ ಒಂದೇ ಲಾರಿ ಹತ್ತಾರು ವಾಹನಗಳಿಗೆ ಗುದ್ದಿತ್ತು. ಅಂಥ ಇಳಿಜಾರಿನ ಬುಡದಲ್ಲಿ ಚೀಲ ಹಿಡಿದು ನಿಲ್ಲುವುದು ಬೇಡ.

ಇನ್ನೊಂದು ಮಾತು. "ನಿಮ್ಮ ಬಸ್ ಆ ಕಡೆ ನಿಂತಿದೆ, ಬನ್ನಿ" ಎಂದು ಯಾರಾದರೂ ಕರೆದರೆ ಹೋಗಬೇಡಿ. 2025ರ ಫೆಬ್ರವರಿ 25ರ ನಸುಕಿನಲ್ಲಿ ಸ್ವಾರಗೇಟ್ ನಿಲ್ದಾಣದಲ್ಲಿ ಒಬ್ಬ ಯುವತಿಯನ್ನು ಹೀಗೇ ನಂಬಿಸಿ, ಕತ್ತಲಲ್ಲಿ ನಿಂತಿದ್ದ ಖಾಲಿ ಬಸ್ಸಿಗೆ ಕರೆದೊಯ್ದು ಅತ್ಯಾಚಾರ ಮಾಡಿದ್ದರ ಸುದ್ದಿ ನಿಮಗೆ ನೆನಪಿರಬಹುದು. ಬಸ್ ಎಲ್ಲಿದೆ ಎಂದು ಹೇಳಬೇಕಾದವರು ಇಬ್ಬರೇ: ಕೌಂಟರಿನವರು, ಇಲ್ಲವೇ ಮೆಸೇಜಿನಲ್ಲಿ ಬಂದ ನಂಬರಿನವರು. ಬಸ್ಸಿನ ನಂಬರ್ ಪ್ಲೇಟ್ ಮೆಸೇಜಿನೊಂದಿಗೆ ಹೊಂದಬೇಕು, ಒಳಗೆ ಬೇರೆ ಪ್ರಯಾಣಿಕರು ಇರಬೇಕು.

ನಾಲ್ಕನೇ ಹೆಜ್ಜೆ: ಬಸ್ಸಿನವರನ್ನು ಅಳೆಯುವುದು

ಸರ್ಕಾರಿ ಬಸ್ ಸಿಕ್ಕರೆ ಮೊದಲು ಅದನ್ನೇ ನೋಡಿ. ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿ ಇರುವ ವಾಯವ್ಯ ಸಾರಿಗೆಯ ಬಸ್ಸುಗಳು ಪುಣೆ, ಮುಂಬೈಗೆ ಓಡುತ್ತವೆ. ಸ್ಲೀಪರ್ ಎಲ್ಲ ದಿನ, ಎಲ್ಲ ಹೊತ್ತಿಗೆ ಸಿಗುವುದಿಲ್ಲ. ಆದರೆ ಅವು ಬಸ್ ನಿಲ್ದಾಣದಿಂದ ಹೊರಟು ಬಸ್ ನಿಲ್ದಾಣದಲ್ಲೇ ಇಳಿಸುತ್ತವೆ. ಅವ್ವನಂಥವರಿಗೆ ಅದೊಂದೇ ಸಾಕು.

ಖಾಸಗಿ ಬಸ್ಸಾದರೆ ನಕ್ಷತ್ರದ ರೇಟಿಂಗ್ ನೋಡಿ ಸುಮ್ನೆ ಬುಕ್ ಮಾಡಬೇಡಿ. ಜನ ನಕ್ಷತ್ರ ಕೊಡುವುದು ಜಾಸ್ತಿ ಹೊದಿಕೆಗೆ, ಏಸಿಗೆ, ಚಾರ್ಜಿಂಗಿಗೆ. ಕಳೆದ ಒಂದು ತಿಂಗಳ ಅಭಿಪ್ರಾಯಗಳನ್ನು ಮಾತ್ರ ತೆರೆದು ಮೂರು ವಿಷಯ ಹುಡುಕಿ: ಬೈಪಾಸಿನಲ್ಲಿ ಇಳಿಸಿದರು, ಕೊನೆ ಗಳಿಗೆಯಲ್ಲಿ ಬಸ್ ಬದಲಿಸಿದರು, ಡ್ರೈವರ್ ಜೋರಾಗಿ ಓಡಿಸಿದರು ಅಥವಾ ಫೋನಿನಲ್ಲಿ ಮಾತಾಡುತ್ತಿದ್ದರು. ಇವುಗಳಲ್ಲಿ ಯಾವುದಾದರೂ ಎರಡು ಮೂರು ಸಲ ಬಂದಿದ್ದರೂ ಮುಂದಿನ ಬಸ್ ನೋಡಿ.

ಆಮೇಲೆ ಆಫೀಸಿಗೆ ಫೋನ್ ಮಾಡಿ. "ಇಬ್ಬರು ಡ್ರೈವರ್ ಇರುತ್ತಾರಾ?" ಎಂದು ಕೇಳಿದರೆ "ಹೌದು" ಎಂದೇ ಹೇಳುತ್ತಾರೆ. ನಾನು ಕೇಳುವುದು ಹೀಗೆ: "ಡ್ರೈವರ್ ಎಲ್ಲಿ ಬದಲಾಗುತ್ತಾರೆ?" ನಿಜವಾಗಿ ಇಬ್ಬರು ಇರುವಲ್ಲಿ ಉತ್ತರ ತಡವಾಗುವುದಿಲ್ಲ. "ಕರಾಡದಲ್ಲಿ ಊಟ ಆದಮೇಲೆ" ಎಂದೋ "ಕೊಲ್ಲಾಪುರದಲ್ಲಿ" ಎಂದೋ ಹೇಳುತ್ತಾರೆ. "ಅದೆಲ್ಲ ನಿಮಗ್ಯಾಕೆ" ಎಂದರೆ ನನಗೆ ಉತ್ತರ ಸಿಕ್ಕಂತೆ. ಮೋಟಾರು ಸಾರಿಗೆ ಕೆಲಸಗಾರರ 1961ರ ಕಾಯ್ದೆಯೇ ದಿನಕ್ಕೆ ಎಂಟು ಗಂಟೆಯ ಕೆಲಸ, ಐದು ಗಂಟೆ ಆದಮೇಲೆ ಕನಿಷ್ಠ ಅರ್ಧ ಗಂಟೆ ವಿರಾಮ ಎನ್ನುತ್ತಿತ್ತು. ಎಂಟು ಗಂಟೆಯ ರಾತ್ರಿ ಪ್ರಯಾಣಕ್ಕೆ ಎರಡನೇ ಡ್ರೈವರ್ ಬೇಕು ಎಂದು ಕೇಳುವುದು ಅತಿ ಅಲ್ಲ.

ಎರಡನೇ ಪ್ರಶ್ನೆ: "ಧಾರವಾಡದಲ್ಲಿ ಯಾವ ಸರ್ಕಲ್‌ನಲ್ಲಿ ಇಳಿಸುತ್ತೀರಿ?" ಅವರು ಹೇಳಿದ ಜಾಗ ಟಿಕೆಟ್‌ನಲ್ಲಿ ಬರೆದಿರಬೇಕು. ಬಾಯಿಮಾತು ನಸುಕಿನಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಐದನೇ ಹೆಜ್ಜೆ: ಬರ್ತ್

ಇದನ್ನು ಬೇಗ ಹೇಳಿ ಮುಗಿಸುತ್ತೇನೆ. ಸ್ಲೀಪರ್ ಬಸ್ಸಿನಲ್ಲಿ ಸಾಮಾನ್ಯವಾಗಿ ಒಂದು ಬದಿ ಜೋಡಿ ಬರ್ತ್, ಇನ್ನೊಂದು ಬದಿ ಒಂಟಿ ಬರ್ತ್, ಮೇಲೆ ಕೆಳಗೆ ಎರಡು ಅಂತಸ್ತು. ಆಪ್‌ನ ನಕ್ಷೆಯಲ್ಲಿ ಐದಾರು ಸಾಲು ಕಾಣುತ್ತವೆ. ನಡುವಿನ ಸಾಲಿನ ಕೆಳಗಿನ ಒಂಟಿ ಬರ್ತ್ ಹಿಡಿಯಿರಿ. ಎರಡು ಗಾಲಿಗಳ ನಡುವೆ ಇರುವುದರಿಂದ ಕುಲುಕಾಟ ಕಡಿಮೆ. ಎದುರಿನಿಂದ ಅಥವಾ ಹಿಂದಿನಿಂದ ಡಿಕ್ಕಿಯಾದರೆ ಮೊದಲ ಪೆಟ್ಟು ಇಲ್ಲಿಗೆ ಬೀಳುವುದಿಲ್ಲ. ಏಳಬೇಕಾದರೆ ಏಣಿ ಇಳಿಯಬೇಕಿಲ್ಲ. ಕೊನೆಯ ಸಾಲು ಅಗ್ಗಕ್ಕೆ ಸಿಗುತ್ತದೆ, ಆದರೆ ಪ್ರತಿ ಹಂಪ್‌ಗೂ ಎತ್ತಿ ಹಾಕುತ್ತದೆ, ಬಾಗಿಲೂ ದೂರ.

ಒಬ್ಬರೇ ಹೋಗುವವರು ಜೋಡಿ ಬರ್ತಿನ ಅರ್ಧ ಕೊಳ್ಳಬೇಡಿ, ಪಕ್ಕದಲ್ಲಿ ಯಾರು ಬರುತ್ತಾರೋ ಗೊತ್ತಿರುವುದಿಲ್ಲ. ಮಲಗುವಾಗ ಕಾಲು ಡ್ರೈವರ್ ಕಡೆಗೆ ಇರಲಿ. ಬ್ರೇಕ್ ಹಾಕಿದಾಗ ಮೈ ಮುಂದಕ್ಕೆ ಜಾರುತ್ತದೆ, ತಲೆ ಹೋಗಿ ಹಲಗೆಗೆ ಬಡಿಯುವುದಕ್ಕಿಂತ ಕಾಲು ತಾಗುವುದು ಮೇಲು.

ಆರನೇ ಹೆಜ್ಜೆ: ಬಸ್ಸಿನ ನಂಬರ್ ಬಂದ ಮೇಲೆ

ಹೊರಡುವ ಒಂದೆರಡು ಗಂಟೆ ಮೊದಲು ಬಸ್ಸಿನ ನಂಬರ್ ಮೆಸೇಜಿನಲ್ಲಿ ಬರುತ್ತದೆ. ಅದನ್ನು mParivahan ಆಪ್‌ನಲ್ಲಿ ಹಾಕಿ ನೋಡಿ. ಫಿಟ್‌ನೆಸ್ ಯಾವ ತನಕ ಇದೆ, ಇನ್ಶೂರೆನ್ಸ್ ಯಾವ ತನಕ ಇದೆ, ಬಸ್ ಯಾವಾಗ ನೋಂದಣಿಯಾಗಿದೆ, ಈ ಮೂರು ಸಾಕು. ಎಂಟು ವರ್ಷ ದಾಟಿದ ಬಸ್ಸಿಗೆ ಪ್ರತಿ ವರ್ಷ ಫಿಟ್‌ನೆಸ್ ಆಗಬೇಕು. ಅವಧಿ ಮುಗಿದಿದ್ದರೆ ಆ ಬಸ್ ಹತ್ತಬೇಡಿ, ಸ್ಕ್ರೀನ್‌ಶಾಟ್ ತೆಗೆದಿಟ್ಟು ದುಡ್ಡು ವಾಪಸ್ ಕೇಳಿ. ಬುಕ್ ಮಾಡಿದ ಬಸ್ ಬಿಟ್ಟು ಬೇರೆ ತರಹದ ಬಸ್ ಕಳಿಸಿದರೂ ಹಾಗೆಯೇ. ಕೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು.

ಕಾಗದ ಸರಿ ಇದ್ದ ಮಾತ್ರಕ್ಕೆ ಬಸ್ ಸರಿ ಎಂದಲ್ಲ. ಅದಕ್ಕೇ ಮುಂದಿನ ಹೆಜ್ಜೆ.

ಏಳನೇ ಹೆಜ್ಜೆ: ಹತ್ತಿದ ಮೊದಲ ಐದು ನಿಮಿಷ

2013ರ ನವೆಂಬರ್ 14ರ ನಸುಕಿನಲ್ಲಿ ಇದೇ ಹೆದ್ದಾರಿಯಲ್ಲಿ, ಹಾವೇರಿ ಹತ್ತಿರದ ಕುಣಿಮೆಳ್ಳಿಹಳ್ಳಿಯಲ್ಲಿ, ಬೆಂಗಳೂರಿನಿಂದ ಮುಂಬೈಗೆ ಹೊರಟಿದ್ದ ಖಾಸಗಿ ಬಸ್ಸಿಗೆ ಬೆಂಕಿ ಬಿದ್ದು ಏಳು ಜನ ಸತ್ತರು. 2025ರ ಅಕ್ಟೋಬರ್ 24ರಂದು ಕರ್ನೂಲಿನ ಹತ್ತಿರ ಹೈದರಾಬಾದ್‌ನಿಂದ ಬೆಂಗಳೂರಿಗೆ ಬರುತ್ತಿದ್ದ ಸ್ಲೀಪರ್ ಬಸ್ಸಿನಡಿ ಬೈಕ್ ಸಿಕ್ಕಿಕೊಂಡು ಬೆಂಕಿ ಹತ್ತಿತು, 19 ಪ್ರಯಾಣಿಕರು ಹೋದರು. ಇಂಥ ಬೆಂಕಿಯಲ್ಲಿ ಹೊರಬರಲು ಸಿಗುವುದು ಕೆಲವೇ ನಿಮಿಷ. ಹೊಗೆ ತುಂಬಿದ ಕತ್ತಲಲ್ಲಿ ಹುಡುಕಲು ಆಗುವುದಿಲ್ಲ, ಮೊದಲೇ ನೋಡಿಟ್ಟುಕೊಂಡಿರಬೇಕು.

ಹತ್ತಿದ ಕೂಡಲೇ ಚೀಲ ಇಟ್ಟು ಮೂರು ಜಾಗ ಹುಡುಕಿ. ತುರ್ತು ಬಾಗಿಲು ಎಲ್ಲಿದೆ, ಅದಕ್ಕೆ ಅಡ್ಡವಾಗಿ ಬರ್ತ್ ಅಥವಾ ಮೂಟೆ ಇದೆಯಾ. ಗಾಜು ಒಡೆಯುವ ಸುತ್ತಿಗೆ ಎಲ್ಲಿದೆ. ಡ್ರೈವರ್ ಕ್ಯಾಬಿನ್ನಿನ ನಡುಬಾಗಿಲಿಗೆ ರಾತ್ರಿ ಚಿಲಕ ಹಾಕುತ್ತಾರಾ. ಒಮ್ಮೆ ನಾನು ಹತ್ತಿದ ಬಸ್ಸಿನಲ್ಲಿ ಸುತ್ತಿಗೆ ಸಿಕ್ಕಿಸಿಡುವ ಕೆಂಪು ಚೌಕಟ್ಟು ಮಾತ್ರ ಗೋಡೆಗೆ ಅಂಟಿತ್ತು, ಸುತ್ತಿಗೆಯ ಜಾಗದಲ್ಲಿ ಅರ್ಧ ಖಾಲಿಯಾದ ನೀರಿನ ಬಾಟಲಿ ಸಿಕ್ಕಿಸಿದ್ದರು. ಮುಂದಿನ ಕಿಟಕಿಗಳ ಹತ್ತಿರವೂ ನೋಡಿದೆ, ಎಲ್ಲೂ ಇರಲಿಲ್ಲ. ಕ್ಲೀನರ್‌ಗೆ ಕೇಳಿದಾಗ ಡ್ರೈವರ್ ಸೀಟಿನ ಕೆಳಗಿನಿಂದ ಎರಡು ತಂದು ಕೊಟ್ಟ. ಕೇಳಿದರೆ ಸಿಗುತ್ತದೆ, ಕೇಳಬೇಕು ಅಷ್ಟೇ.

ಗಾಜು ಒಡೆಯುವುದಾದರೆ ನಡುವೆ ಹೊಡೆಯಬೇಡಿ, ಮೂಲೆಗೆ ಹೊಡೆಯಿರಿ. ಪಕ್ಕದ ಕಿಟಕಿಯ ಗಾಜು ಅಂಚಿನಲ್ಲಿ ಬೇಗ ಬಿರುಕು ಬಿಟ್ಟು ಪುಡಿಯಾಗುತ್ತದೆ. ಮುಂದಿನ ದೊಡ್ಡ ಗಾಜು ಪದರದ್ದು, ಅದು ಹಾಗೆ ಒಡೆಯುವುದಿಲ್ಲ, ಅದರ ಮೇಲೆ ಹೊತ್ತು ಕಳೆಯಬೇಡಿ. ಕಾಲಿಗೆ ಸಿಗುವಂತೆ ಚಪ್ಪಲಿ, ಕೈಗೆ ಸಿಗುವಂತೆ ಫೋನು ಇಟ್ಟುಕೊಂಡು ಮಲಗಿ. ಫೋನು ಅಥವಾ ಪವರ್ ಬ್ಯಾಂಕ್ ಹೊದಿಕೆಯೊಳಗೆ ಚಾರ್ಜಿಗೆ ಹಾಕಿ ನಿದ್ದೆ ಮಾಡಬೇಡಿ. ಬಸ್ಸಿನ ತಲೆಯ ಮೇಲೆ ಮೂಟೆ, ಬೈಕು ಹೇರುವುದು ಕಂಡರೆ ಅಲ್ಲೇ ತಕರಾರು ಮಾಡಿ. ಮೇಲೆ ಭಾರ ಜಾಸ್ತಿಯಾದ ಬಸ್ ಘಾಟಿನ ತಿರುವಿನಲ್ಲಿ ಬೇಗ ವಾಲುತ್ತದೆ.

ದಾರಿಯಲ್ಲಿ ಮತ್ತು ಇಳಿಯುವಾಗ

ಢಾಬಾದಲ್ಲಿ ಇಳಿಯುವ ಮೊದಲು ಬಸ್ಸಿನ ನಂಬರ್ ಪ್ಲೇಟಿನ ಫೋಟೋ ತೆಗೆಯಿರಿ. ಒಂದೇ ಬಣ್ಣದ ಹತ್ತು ಬಸ್ ಸಾಲಾಗಿ ನಿಂತಿರುತ್ತವೆ, ನಿದ್ದೆಗಣ್ಣಿನಲ್ಲಿ ಗುರುತು ಸಿಗುವುದಿಲ್ಲ. ಪಕ್ಕದ ಬರ್ತಿನವರಿಗೆ "ನಾನು ಇಳಿದಿದ್ದೇನೆ, ಬಿಟ್ಟು ಹೋಗದಂತೆ ನೋಡ್ರಿ" ಎಂದು ಹೇಳಿ ಹೋಗಿ. ಡ್ರೈವರ್ ತೂಕಡಿಸುತ್ತಿದ್ದಾರೆ ಎನಿಸಿದರೆ, ಅಂದರೆ ಬಸ್ ಪಟ್ಟೆಯಿಂದ ಪಟ್ಟೆಗೆ ಜಾರುವುದು, ಹಠಾತ್ ಬ್ರೇಕ್ ಬೀಳುವುದು ಕಂಡರೆ, ಒಬ್ಬರೇ ಜಗಳಕ್ಕೆ ಹೋಗಬೇಡಿ. ನಾಲ್ಕು ಜನರನ್ನು ಎಬ್ಬಿಸಿ, ಚಹಾಕ್ಕೆ ನಿಲ್ಲಿಸಲು ಕೇಳಿ. ಕೇಳದಿದ್ದರೆ 112ಕ್ಕೆ ಫೋನ್ ಮಾಡಿ, ಬಸ್ಸಿನ ನಂಬರ್ ಮತ್ತು ಕೊನೆಗೆ ದಾಟಿದ ಟೋಲ್ ನಾಕಾ ಹೇಳಿ. ಹೆದ್ದಾರಿಯಲ್ಲಿ ಬಸ್ ಕೆಟ್ಟು ನಿಂತರೆ ಹೆದ್ದಾರಿ ಪ್ರಾಧಿಕಾರದ 1033 ಇದೆ. ಅಂಥ ಹೊತ್ತಲ್ಲಿ ಬಸ್ಸಿನ ಹಿಂದೆ ನಿಲ್ಲಬೇಡಿ, ರಸ್ತೆಯ ತಡೆಗಂಬಿಯ ಆಚೆ ಹೋಗಿ ನಿಲ್ಲಿ.

ಅವ್ವ ಹೋದ ರಾತ್ರಿ ನಾನು ಆಕೆಯ ಫೋನಿನಲ್ಲಿ 5.30ಕ್ಕೆ ಅಲಾರಂ ಇಟ್ಟಿದ್ದೆ. ನನ್ನ ಫೋನಿನಲ್ಲಿ ಬಸ್ ಎಲ್ಲಿದೆ ಎಂದು ಕಾಣುವ ಲಿಂಕ್ ತೆರೆದಿತ್ತು. ಕಿತ್ತೂರು ದಾಟಿದಾಗ ಆಕೆಗೂ ತಮ್ಮನಿಗೂ ಫೋನ್ ಮಾಡಿದೆ. ಕಿತ್ತೂರಿನಿಂದ ಧಾರವಾಡಕ್ಕೆ 30 ಕಿ.ಮೀ. ಚಿಲ್ಲರೆ, ಎದ್ದು ಕೂತು ಚಪ್ಪಲಿ ಹಾಕಿಕೊಂಡು ಚೀಲ ಹತ್ತಿರ ಎಳೆದುಕೊಳ್ಳಲು ಅಷ್ಟು ಸಾಕು. ತಮ್ಮ ಜುಬಿಲಿ ಸರ್ಕಲ್‌ನಲ್ಲಿ ನಿಂತಿದ್ದ. ಬಸ್ 6.40ಕ್ಕೆ ಬಂತು.

ಬಸ್ ಬೇಗ ಬಂದುಬಿಟ್ಟರೆ ಏನು ಮಾಡಬೇಕು ಎಂದೂ ಮೊದಲೇ ಮಾತಾಗಿತ್ತು. ಐದು ಗಂಟೆಗೇ ಇಳಿಸಿದರೆ ಒಬ್ಬಳೇ ಆಟೋ ಹಿಡಿಯಬಾರದು. ಕ್ಲೀನರ್‌ಗೆ ಹೇಳಿ ಬಸ್ ನಿಲ್ದಾಣದ ಹತ್ತಿರವೇ ಇಳಿದು, ಒಳಗೆ ಕಂಟ್ರೋಲರ್ ಕೋಣೆಯ ಎದುರಿನ ಬೆಂಚಿನಲ್ಲಿ ಕೂರಬೇಕು. ತಮ್ಮ ಅಲ್ಲಿಗೇ ಬರಬೇಕು.